ಮಧ್ಯಾಹ್ನ ಎರಡರ ನಿದ್ದೆ

2025ರ ಸಿಇಟಿ ಮುಗಿದ ಮರುದಿನ ಮಧುಗಿರಿಯ ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ಅಂದು ಗುಡ್ ಫ್ರೈಡೆ, ಕಾಲೇಜಿಗೆ ರಜೆ. ಮಧ್ಯಾಹ್ನ ಎರಡೂವರೆ. ಹೊರಗೆ ಏಕಶಿಲಾ ಬೆಟ್ಟವೇ ಕಾದ ಹೆಂಚಿನಂತೆ ಶಾಖ ಉಗುಳುತ್ತಿತ್ತು. ಒಳಗೆ ಅಕ್ಕನ ಮಗಳು ಫ್ಯಾನಿನ ಕೆಳಗೆ, ಎದೆಯ ಮೇಲೆ ಜೀವಶಾಸ್ತ್ರದ ಪುಸ್ತಕ ಕವುಚಿಕೊಂಡು ಗಾಢ ನಿದ್ದೆಯಲ್ಲಿದ್ದಳು. ಅಕ್ಕ ತುಟಿಯ ಮೇಲೆ ಬೆರಳಿಟ್ಟು, "ನಾಲ್ಕೂವರೆಗೇ ಎದ್ದು ಓದುತ್ತಾಳೆ ಪಾಪ, ಊಟ ಆದ ಮೇಲೆ ಎರಡು ಗಂಟೆ ಮಲಗಲಿ ಬಿಡು" ಎಂದಳು.

ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು. ವೈದ್ಯಕೀಯ ಸೀಟಿಗಾಗಿ ನೀಟ್‌ಗೆ ಹೋಗುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಆದರೂ ಅಂದು ಆ ಹೊಸ್ತಿಲ ಮೇಲೆ ನಿಂತಾಗಲೇ ನನಗೆ ಅದು ತಟ್ಟಿದ್ದು. ಇನ್ನು ಹದಿನಾರು ದಿನಕ್ಕೆ, ಮೇ 4ರ ಭಾನುವಾರ, ಇದೇ ಹೊತ್ತಿನಲ್ಲಿ ಈ ಹುಡುಗಿ ಪರೀಕ್ಷೆ ಬರೆಯುತ್ತಿರಬೇಕು. ಮಧ್ಯಾಹ್ನ 2ರಿಂದ 5. ಬೇರೆ ಎಷ್ಟೋ ಪರೀಕ್ಷೆಗಳು ಬೆಳಗ್ಗೆ ಬುದ್ಧಿ ಚುರುಕಾಗಿರುವಾಗ ಶುರುವಾಗುತ್ತವೆ. ಇದಾದರೋ ನಾಡಿಗೆ ನಾಡೇ ಕಣ್ಣು ಮುಚ್ಚುವ ಹೊತ್ತಿಗೆ ಪ್ರಶ್ನೆಪತ್ರಿಕೆ ಬಿಡಿಸುತ್ತದೆ. ವಾರಗಟ್ಟಲೆ ಆ ಹೊತ್ತಿಗೆ ಸರಿಯಾಗಿ ಮಲಗಿ ಅಭ್ಯಾಸವಾದ ಮೈಗೆ, ಅಂದೊಂದು ದಿನ ಎಚ್ಚರವಾಗಿರು ಎಂದರೆ ಅದು ಕೇಳೀತೇ?

ಮಧ್ಯಾಹ್ನದ ಆ ತೂಕಡಿಕೆಗೆ ಊಟವೊಂದೇ ಕಾರಣವಲ್ಲ. ಊಟ ಬಿಟ್ಟರೂ ಅದು ಬರುತ್ತದೆ. ದೇಹದೊಳಗಿನ ಗಡಿಯಾರವೇ ಆ ಹೊತ್ತಿಗೆ ಎಚ್ಚರವನ್ನು ಸ್ವಲ್ಪ ಕೆಳಗಿಳಿಸುತ್ತದೆ. ಹೊಟ್ಟೆ ತುಂಬ ಮುದ್ದೆ, ಹುರುಳಿಕಾಳಿನ ಸಾರು ಬಿದ್ದಿದ್ದರೆ ಇಳಿಜಾರು ಇನ್ನಷ್ಟು ಕಡಿದಾಗುತ್ತದೆ, ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರಂತೂ ಹೇಳುವುದೇ ಬೇಡ. ನಾಲ್ಕೂವರೆಗೆ ಏಳುವ ಹುಡುಗಿ ಪ್ರತಿದಿನ ಈ ಮೂರನ್ನೂ ಒಟ್ಟಿಗೆ ಸಾಕುತ್ತಿದ್ದಳು.

ಅವಳು ಎದ್ದ ಮೇಲೆ ಹೇಳಿದೆ, "ಪುಟ್ಟಿ, ಹೊಸ ಪಾಠ ಏನೂ ಬೇಡ. ನಿದ್ದೆಯ ಹೊತ್ತನ್ನು ಮಾತ್ರ ಬದಲಾಯಿಸೋಣ."

"ಅಷ್ಟೇನಾ ಮಾಮ?" ಎಂದು ನಕ್ಕಳು. ಮೊದಲ ನಾಲ್ಕು ದಿನ ಅವಳಿಗೆ ನಗು ಬರಲಿಲ್ಲ. ರಾತ್ರಿ ಹತ್ತೂವರೆಗೆ ಮಲಗಿ ಬೆಳಗ್ಗೆ ಆರಕ್ಕೆ ಏಳುವುದು, ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಊಟದ ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂರುವುದು, ಐದರವರೆಗೆ ಏಳಬಾರದು. ಮೂರು ಗಂಟೆಯ ಸುಮಾರಿಗೆ ತಲೆ ತೂಗಿ ತೂಗಿ ಮೇಜಿಗೆ ಬಡಿಯುತ್ತಿತ್ತು. ಐದನೆಯ ದಿನ ತೂಗುವುದು ಕಡಿಮೆಯಾಯಿತು. ಎಂಟನೆಯ ದಿನ ಅಕ್ಕನೇ ಫೋನ್ ಮಾಡಿ, "ಈಗ ನಾನು ಮಲಗುತ್ತೇನೆ, ಅವಳು ಕಾವಲು ಕೂರುತ್ತಾಳೆ" ಎಂದಳು.

ಕಾಗದಪತ್ರಗಳ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಜಗಳ ಹುಟ್ಟುವುದು ಇಲ್ಲೇ. ಪ್ರವೇಶಪತ್ರವನ್ನು ಮೊಬೈಲಿನಲ್ಲಿ ತೋರಿಸಿದರೆ ನಡೆಯುವುದಿಲ್ಲ. ಎ4 ಹಾಳೆಯಲ್ಲಿ ಅಷ್ಟೂ ಪುಟಗಳನ್ನು ಮುದ್ರಿಸಿಕೊಳ್ಳಬೇಕು. ಅದರ ಮೇಲೆ ಪಾಸ್‌ಪೋರ್ಟ್ ಅಳತೆಯ ಫೋಟೊ ಒಂದು, ಇನ್ನೊಂದು ಪುಟದಲ್ಲಿ ಅಂಚೆ ಕಾರ್ಡಿನ ಅಳತೆಯ ಅಂದರೆ 4 ಅಂಗುಲಕ್ಕೆ 6 ಅಂಗುಲದ ಫೋಟೊ ಒಂದು ಅಂಟಿಸಬೇಕು. ಹಾಜರಿ ಹಾಳೆಗೆ ಅಂಟಿಸಲು ಮತ್ತೊಂದು ಪಾಸ್‌ಪೋರ್ಟ್ ಫೋಟೊ ಕೈಯಲ್ಲಿರಬೇಕು. ಅರ್ಜಿಗೆ ಹಾಕಿದ ಫೋಟೊದ ಪ್ರತಿಯೇ ಆಗಿರಬೇಕು ಇವೆಲ್ಲ. ಚಿಕ್ಕ ಫೋಟೊ ಎಲ್ಲರ ಮನೆಯಲ್ಲೂ ಇರುತ್ತದೆ. ದೊಡ್ಡದು ಇರುವುದಿಲ್ಲ. ಪರೀಕ್ಷೆ ಭಾನುವಾರ, ಅಂದು ಬೆಳಗ್ಗೆ ಸ್ಟುಡಿಯೊ ಬಾಗಿಲು ತೆರೆದಿರುವುದಿಲ್ಲ. ಹಾಗಾಗಿ ದೊಡ್ಡ ಫೋಟೊದ ಎರಡು ಪ್ರತಿಯನ್ನು ಪ್ರವೇಶಪತ್ರ ಬರುವ ಮೊದಲೇ ತೆಗೆಸಿಟ್ಟಿದ್ದೆವು.

ಆಮೇಲೆ ಹೆಬ್ಬೆಟ್ಟು. ಸ್ವಘೋಷಣೆಯ ಪುಟದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತನ್ನು ಮನೆಯಲ್ಲೇ ಒತ್ತಿಕೊಂಡು ಹೋಗಬೇಕು, ಅದು ಮಸಿಯ ಮುದ್ದೆಯಾಗಿರಬಾರದು, ಗೆರೆಗಳು ಕಾಣಬೇಕು. ನಮ್ಮ ಮನೆಗಳಲ್ಲಿ ಈಗ ಹೆಬ್ಬೆಟ್ಟು ಒತ್ತುವವರಿಲ್ಲ, ಅದರಿಂದ ಮಸಿ ಪ್ಯಾಡೂ ಇಲ್ಲ. ಭಾವ ಪೆನ್ನಿನ ಶಾಯಿಯನ್ನು ಬೆರಳಿಗೆ ಬಳಿದು ಒತ್ತಿಸಲು ಹೊರಟಿದ್ದರು. ತಡೆದು, ಅಂಗಡಿಯಿಂದ ಪ್ಯಾಡ್ ತರಿಸಿ, ಮೊದಲು ಹಳೆಯ ಹಾಳೆಯ ಮೇಲೆ ಮೂರು ಸಲ ಒತ್ತಿ ಮಸಿ ತಿಳಿಯಾದ ಮೇಲೆ ನಾಲ್ಕನೆಯದನ್ನು ಪ್ರವೇಶಪತ್ರದ ಮೇಲೆ ಒತ್ತಿಸಿದೆ. ಪೋಷಕರ ಸಹಿಯೂ ಮನೆಯಲ್ಲೇ ಆಗಬೇಕು. ಆದರೆ ಅಭ್ಯರ್ಥಿಯ ಸಹಿಯಲ್ಲಿ ಒಂದು ಕೊಕ್ಕೆ ಇದೆ. ಕೊಠಡಿ ಮೇಲ್ವಿಚಾರಕರ ಎದುರಿನಲ್ಲೇ ಹಾಕಬೇಕು ಎಂದು ಬರೆದಿರುವ ಜಾಗವನ್ನು ಮನೆಯಲ್ಲಿ ಉತ್ಸಾಹದಿಂದ ತುಂಬಿಸಿಬಿಡುವ ಮಕ್ಕಳು ಬಹಳ. ಹಾಗೆ ಮಾಡಿಕೊಂಡರೆ ಹೊಸ ಪ್ರತಿ ಮುದ್ರಿಸಿ ಫೋಟೊ, ಹೆಬ್ಬೆಟ್ಟು ಎಲ್ಲ ಮತ್ತೆ ಮಾಡುವುದೇ ಸರಿ. ಎರಡನೆಯ ದೊಡ್ಡ ಫೋಟೊ ಬೇಕಾಗುವುದು ಇಂಥ ಹೊತ್ತಿಗೆ.

ಗುರುತಿನ ಚೀಟಿ ಮೂಲ ಪ್ರತಿಯೇ ಆಗಬೇಕು. ಜೆರಾಕ್ಸ್ ನಡೆಯುವುದಿಲ್ಲ, ಮೊಬೈಲಿನಲ್ಲಿರುವ ಚಿತ್ರವೂ ನಡೆಯುವುದಿಲ್ಲ. ಇವಿಷ್ಟನ್ನೂ ಒಂದು ಪಾರದರ್ಶಕ ಕವರಿನಲ್ಲಿಟ್ಟು, ಕವರನ್ನು ದೇವರ ಮನೆಯಲ್ಲಿಡಲು ಅಕ್ಕ ಹೋದಾಗ ಬೇಡವೆಂದೆ. ಕುಂಕುಮ, ದೀಪದೆಣ್ಣೆಯ ಪಕ್ಕ ಪ್ರವೇಶಪತ್ರಕ್ಕೇನು ಕೆಲಸ? ಬೀರುವಿನಲ್ಲಿಟ್ಟು ಬೀಗದ ಕೈಯನ್ನು ದೇವರ ಮನೆಯಲ್ಲಿಟ್ಟಳು. ಇಬ್ಬರಿಗೂ ಸಮಾಧಾನವಾಯಿತು.

ಉಡುಪಿನ ನಿಯಮ ಎಲ್ಲರಿಗೂ ಗೊತ್ತಿದೆ. ಅರ್ಧ ತೋಳಿನ ಹಗುರ ಬಟ್ಟೆ, ಶೂ ಬೇಡ, ಎತ್ತರದ ಹಿಮ್ಮಡಿಯಿಲ್ಲದ ಚಪ್ಪಲಿ, ಆಭರಣ ಬೇಡ. ನಮಗೆ ಎಡವಟ್ಟಾಗಿದ್ದು ಮೂಗುಬೊಟ್ಟಿನಲ್ಲಿ. ಏಳನೇ ತರಗತಿಯಲ್ಲಿ ಚುಚ್ಚಿಸಿದ್ದು, ತಿರುಪು ಅಲ್ಲಿಂದ ಇಲ್ಲಿಯವರೆಗೆ ಅಲುಗಾಡಿರಲಿಲ್ಲ. ಗುರುವಾರ ರಾತ್ರಿ ಅಕ್ಕ ಕೊಬ್ಬರಿ ಎಣ್ಣೆ ಬಿಟ್ಟು, ಟಾರ್ಚ್ ಹಿಡಿಸಿಕೊಂಡು, ಅರ್ಧ ಗಂಟೆ ಹೆಣಗಿದಳು. ಮೂಗು ಕೆಂಪಗಾಗಿ ಹುಡುಗಿಯ ಕಣ್ಣಲ್ಲಿ ನೀರು. ಕೊನೆಗೆ ಶುಕ್ರವಾರ ಅಕ್ಕಸಾಲಿಗರ ಹತ್ತಿರ ಹೋಗಿ ಒಂದು ನಿಮಿಷದಲ್ಲಿ ಬಿಚ್ಚಿಸಿಕೊಂಡು ಬಂದರು. ಇದೇ ಕೆಲಸ ಭಾನುವಾರ ಮಧ್ಯಾಹ್ನ ತಪಾಸಣೆಯ ಸಾಲಿನಲ್ಲಿ, ಹಿಂದೆ ನೂರು ಜನ ನಿಂತಿರುವಾಗ ಆಗಿದ್ದರೆ? ಬೇಗ ಬಿಚ್ಚಿ ಅಭ್ಯಾಸವಿಲ್ಲದ್ದು ಮೈಮೇಲೆ ಏನಿದೆ ಎಂದು ಮೂರು ದಿನ ಮುಂಚೆ ನೋಡಿಕೊಳ್ಳಿ. ಕೈಗೆ ಕಟ್ಟಿದ ದಾರ, ಕಾಲ್ಗೆಜ್ಜೆಯ ಕೊಂಡಿ, ಕೂದಲಿನ ಲೋಹದ ಕ್ಲಿಪ್ಪು, ಎಲ್ಲವೂ.

ಪರೀಕ್ಷಾ ಕೇಂದ್ರ ತುಮಕೂರಿನಲ್ಲಿ ಸಿಕ್ಕಿತ್ತು. ಶನಿವಾರ ನಾನೊಬ್ಬನೇ ಬಸ್ಸಿನಲ್ಲಿ ಹೋಗಿ ನೋಡಿ ಬಂದೆ. ಒಳ್ಳೆಯದೇ ಆಯಿತು. ಅದೇ ಹೆಸರಿನ ಸಂಸ್ಥೆಗೆ ಊರಿನ ಎರಡು ಮೂಲೆಗಳಲ್ಲಿ ಎರಡು ಕಟ್ಟಡಗಳಿದ್ದವು. ಮೊಬೈಲಿನ ನಕ್ಷೆ ತೋರಿಸಿದ್ದು ನಮ್ಮದಲ್ಲದ್ದನ್ನು. ಪ್ರವೇಶಪತ್ರದಲ್ಲಿದ್ದ ಬಡಾವಣೆಯ ಹೆಸರನ್ನು ಆಟೊದವರಿಗೆ ತೋರಿಸಿದ ಮೇಲೆ ಸರಿಯಾದ ಗೇಟು ಸಿಕ್ಕಿತು. ಎದುರಿಗೆ ಒಂದು ಹೊಂಗೆ ಮರ, ಅದರ ಕೆಳಗೆ ಕಾರು ನಿಲ್ಲಿಸುವಷ್ಟು ಜಾಗ. ಅದನ್ನೂ ಮನಸ್ಸಿನಲ್ಲಿ ಗುರುತು ಮಾಡಿಕೊಂಡೆ.

ಭಾನುವಾರದ ಊಟದ ಬಗ್ಗೆ ಒಂದು ವಾರ ಮೊದಲೇ ಚರ್ಚೆ ನಡೆದಿತ್ತು. ತುಮಕೂರಿಗೆ ಹೋಗುತ್ತಿದ್ದೇವೆ, ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿಸಿಕೊಂಡೇ ಗೇಟಿಗೆ ಬಿಡೋಣ ಎಂಬುದು ಭಾವನ ಯೋಜನೆ. ಬೆಣ್ಣೆ ಹಾಕಿದ ಆ ಇಡ್ಲಿಯ ಮೇಲೆ ನನಗೂ ಪ್ರೀತಿಯಿದೆ. ಆದರೆ ಕ್ಯಾತಸಂದ್ರ ಇರುವುದು ಊರು ದಾಟಿ ಬೆಂಗಳೂರಿನ ದಿಕ್ಕಿಗೆ, ಭಾನುವಾರದ ಬೆಳಗ್ಗೆ ಅಲ್ಲಿ ಸಾಲು. ದಾರಿಯಲ್ಲಿ ಗೊರವನಹಳ್ಳಿ ಲಕ್ಷ್ಮಿಗೆ ಕೈಮುಗಿದು ಹೋಗೋಣ ಎಂದು ಅಕ್ಕ. ಅದನ್ನೂ ಗುರುವಾರಕ್ಕೆ ಸಾಗಹಾಕಿದೆ. ಇಬ್ಬರ ಕಣ್ಣಲ್ಲೂ ನಾನು ಕೆಟ್ಟವನಾದೆ.

ನಮ್ಮ ಲೆಕ್ಕ ಹೀಗಿತ್ತು. ಗೇಟು ಒಂದೂವರೆಗೆ ಮುಚ್ಚುತ್ತದೆ, ಆಮೇಲೆ ಯಾರು ಬಂದರೂ ತೆರೆಯುವುದಿಲ್ಲ. ತಪಾಸಣೆ, ಬಯೋಮೆಟ್ರಿಕ್ ಎಲ್ಲ ಮುಗಿಯಬೇಕೆಂದರೆ ಹನ್ನೆರಡರ ಹೊತ್ತಿಗೆ ಒಳಗೆ ಹೋಗುವುದು ಒಳ್ಳೆಯದು. ಹಾಗೆ ಹೋದವಳು ಹೊರಬರುವುದು ಐದರ ನಂತರ. ಅಂದರೆ ಗೇಟಿನ ಹೊರಗೆ ತಿಂದ ಕೊನೆಯ ತುತ್ತು ಐದೂವರೆ ಗಂಟೆ ಅವಳನ್ನು ಹೊತ್ತು ನಡೆಯಬೇಕು. ಒಳಗೆ ಪಾರದರ್ಶಕ ಬಾಟಲಿಯಲ್ಲಿ ನೀರು ಮಾತ್ರ. ಸಕ್ಕರೆ ಕಾಯಿಲೆ ಇರುವ ಮಕ್ಕಳಿಗೆ ಹಣ್ಣು, ಸಕ್ಕರೆ ಮಾತ್ರೆಗೆ ಅವಕಾಶ ಇದೆ, ಉಳಿದವರಿಗೆ ಇಲ್ಲ. ಎಂಟಕ್ಕೆ ತಿಂಡಿ ತಿಂದು ಸುಮ್ಮನಾದರೆ ಮೂರು ಗಂಟೆಗೆ ಹೊಟ್ಟೆ ಕೂಗುತ್ತದೆ. ಹನ್ನೊಂದೂವರೆಗೆ ಭರ್ತಿ ಊಟ ಮಾಡಿದರೆ ಎರಡಕ್ಕೆ ಕಣ್ಣು ಕೂಡುತ್ತದೆ.

ಹಾಗಾಗಿ ಎಂಟಕ್ಕೆ ಮನೆಯಲ್ಲೇ ಮೂರು ಇಡ್ಲಿ, ಚಟ್ನಿ. ದಿನಾ ಕುಡಿಯುವ ಅರ್ಧ ಲೋಟ ಕಾಫಿ, ಅದಕ್ಕಿಂತ ಒಂದು ಗುಟುಕೂ ಹೆಚ್ಚಿಲ್ಲ. ಕಾಫಿ ಹೆಚ್ಚಾದರೆ ಎದೆ ಹಾರುತ್ತದೆ, ಶೌಚಾಲಯಕ್ಕೂ ಓಡಿಸುತ್ತದೆ. ಪರೀಕ್ಷೆಯ ಮಧ್ಯೆ ಶೌಚಾಲಯಕ್ಕೆ ಹೋದರೆ ಮರಳಿ ಬರುವಾಗ ಮತ್ತೆ ತಪಾಸಣೆ, ಮತ್ತೆ ಬಯೋಮೆಟ್ರಿಕ್. ಒಂಬತ್ತಕ್ಕೆ ಹೊರಟು, ಕೊರಟಗೆರೆ ದಾಟಿ, ಹನ್ನೊಂದಕ್ಕೆ ಮೊದಲೇ ಹೊಂಗೆ ಮರದ ಕೆಳಗಿದ್ದೆವು. ಹನ್ನೊಂದೂಕಾಲಿಗೆ ಕಾರಿನ ಬಾಗಿಲು ತೆರೆದಿಟ್ಟುಕೊಂಡು ಅವಳು ಸ್ಟೀಲ್ ಡಬ್ಬಿಯ ಮೊಸರನ್ನ ತಿಂದಳು. ಒಂದೂವರೆ ಸೌಟು, ಒಗ್ಗರಣೆಯಲ್ಲಿ ಹಸಿಮೆಣಸಿನಕಾಯಿ ಇಲ್ಲ, ಜೊತೆಗೆ ಒಂದು ಬಾಳೆಹಣ್ಣು. ಹಿಂದಿನ ಹದಿನೈದು ದಿನವೂ ಅದೇ ಹೊತ್ತಿಗೆ ಅದನ್ನೇ ತಿಂದಿದ್ದಳು, ಆದ್ದರಿಂದ ಹೊಟ್ಟೆಗೆ ಹೊಸ ಸುದ್ದಿ ಏನೂ ಇರಲಿಲ್ಲ. ನೀರನ್ನು ಬೆಳಗ್ಗೆಯಿಂದ ಧಾರಾಳವಾಗಿ ಕುಡಿಸಿ, ಹನ್ನೊಂದರ ನಂತರ ಗುಟುಕು ಗುಟುಕಾಗಿ ಮಾಡಿದೆವು. ಶೌಚಾಲಯದ ಭಯಕ್ಕೆ ನೀರನ್ನೇ ಬಿಡುವ ಮಕ್ಕಳಿದ್ದಾರೆ. ಮೇ ತಿಂಗಳ ಬಿಸಿಲಿನಲ್ಲಿ ಸಾಲು ನಿಂತು ಬಂದ ಮೇಲೆ ನಾಲ್ಕು ಗಂಟೆಗೆ ತಲೆನೋವು ಹಿಡಿಯುವುದು ಅಂಥವರನ್ನೇ.

ಅವಳ ಫೋನನ್ನು ಶನಿವಾರ ಸಂಜೆಯೇ ಇಸಿದುಕೊಂಡಿದ್ದೆ. ಬೆಳಗ್ಗೆಯಿಂದ ಚಿಕ್ಕಪ್ಪ, ದೊಡ್ಡಮ್ಮ, ಮೈಸೂರಿನ ಅತ್ತೆ, ಎಲ್ಲರೂ ಹರಸುವವರೇ. ಒಬ್ಬೊಬ್ಬರ ಹರಕೆಯೂ ಒಂದೊಂದು ಕಲ್ಲು. "ಈ ಸಲ ಸೀಟು ಗ್ಯಾರಂಟಿ ತಾನೇ?" ಎಂದವರಿಗೆ ನಾನೇ ಉತ್ತರಿಸಿದೆ.

ಹನ್ನೆರಡೂ ಹತ್ತಕ್ಕೆ ಒಳಗೆ ಹೋದಳು. ಇಲ್ಲಿಂದ ಮುಂದಿನದು ಅವಳ ಬಾಯಿಂದ ಕೇಳಿದ್ದು.

ಹನ್ನೆರಡೂ ಮುಕ್ಕಾಲಿಗೆ ಜಾಗದಲ್ಲಿ ಕುಳಿತಿದ್ದಳು. ಕೈಯಲ್ಲಿ ಪುಸ್ತಕವಿಲ್ಲ, ಗಡಿಯಾರವಿಲ್ಲ, ಮಾತಿಲ್ಲ. ಈ ಒಂದು ಗಂಟೆಗೆ ಯಾವ ಕೋಚಿಂಗಿನಲ್ಲೂ ಯಾರೂ ತಯಾರಿ ಮಾಡಿಸುವುದಿಲ್ಲ, ಎದೆ ಬಡಿತ ಏರುವುದು ಇದೇ ಹೊತ್ತಿನಲ್ಲಿ. ನಾವು ಮನೆಯಲ್ಲಿ ಒಂದೇ ಒಂದು ಕ್ರಮ ರೂಢಿಸಿದ್ದೆವು. ಎರಡೂ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಹೊರಗೆ ಬಿಡುವುದು ಉದ್ದವಾಗಿರಬೇಕು, ಏಕೆಂದರೆ ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ. ದೊಡ್ಡ ದೊಡ್ಡ ಉಸಿರು ಬೇಗಬೇಗ ಎಳೆದರೆ ತಲೆ ಸುತ್ತುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ಹಾಗಾದರೆ ತಪ್ಪು ಮಾಡುತ್ತಿದ್ದೇವೆಂದೇ ಅರ್ಥ. ಪಕ್ಕದ ಸಾಲಿನ ಹುಡುಗನೊಬ್ಬ ಹಾಗೆ ಎಳೆಯುತ್ತಿದ್ದನಂತೆ. ಇವಳು ಹತ್ತು ಉಸಿರು, ಆಮೇಲೆ ಕಿಟಕಿಯ ಸರಳು ಎಣಿಸುವುದು, ಮತ್ತೆ ಹತ್ತು ಉಸಿರು, ಹೀಗೆ ಕಳೆದಳು.

ಎರಡಕ್ಕೆ ಸ್ವಲ್ಪ ಮುಂಚೆ ಪತ್ರಿಕೆ ಬಂತು. ಪತ್ರಿಕೆಯ ಮೇಲಿನ ಸಂಕೇತವೂ ಉತ್ತರ ತುಂಬುವ ಒಎಂಆರ್ ಹಾಳೆಯ ಮೇಲಿನ ಸಂಕೇತವೂ ಒಂದೇ ಇದೆಯೇ ಎಂದು ನೋಡಿಕೊಂಡಳು. ಬೇರೆಯಾಗಿದ್ದರೆ ಆಗಲೇ ಕೈ ಎತ್ತಿ ಬದಲಿಸಿಕೊಳ್ಳಬೇಕು, ಬರೆಯಲು ಶುರು ಮಾಡಿದ ಮೇಲಲ್ಲ. ಪೆನ್ನನ್ನೂ ಅಲ್ಲೇ ಕೊಡುತ್ತಾರೆ, ಮನೆಯದು ಬಿಡುವುದಿಲ್ಲ. ಅದಕ್ಕಾಗಿಯೇ ಮನೆಯಲ್ಲಿ ಅಗ್ಗದ ಕಪ್ಪು ಬಾಲ್‌ಪೆನ್ನಿನಲ್ಲೇ ವೃತ್ತ ತುಂಬಿಸಿ ರೂಢಿ ಮಾಡಿಸಿದ್ದೆ.

ಈ ವೃತ್ತ ತುಂಬುವುದು ಸಣ್ಣ ಕೆಲಸವಲ್ಲ. 180 ಪ್ರಶ್ನೆ, ಒಂದೊಂದು ವೃತ್ತಕ್ಕೆ ಐದು ಸೆಕೆಂಡ್ ಎಂದರೂ ಹದಿನೈದು ನಿಮಿಷ. ಕೊನೆಯಲ್ಲಿ ಒಟ್ಟಿಗೆ ತುಂಬುತ್ತೇನೆ ಎಂದುಕೊಂಡವರಿಗೆ ಆ ಹದಿನೈದು ನಿಮಿಷ ಸಿಗುವುದಿಲ್ಲ. ಏಪ್ರಿಲ್ ಕೊನೆಯ ವಾರದ ಅಭ್ಯಾಸ ಪತ್ರಿಕೆಯಲ್ಲಿ ಇವಳು 112ನೇ ಪ್ರಶ್ನೆಯನ್ನು ಬಿಟ್ಟು 113ರ ಉತ್ತರವನ್ನು 112ರ ಸಾಲಿನಲ್ಲಿ ತುಂಬಿದ್ದಳು. ಗೊತ್ತಾಗಿದ್ದು 126ಕ್ಕೆ ಬಂದಾಗ. ಅಷ್ಟರಲ್ಲಿ ಹದಿಮೂರು ಉತ್ತರ ಒಂದೊಂದು ಮೆಟ್ಟಿಲು ಮೇಲೆ ಹತ್ತಿ ಕುಳಿತಿದ್ದವು. ಅಸಲಿ ಹಾಳೆಯಲ್ಲಿ ಅಳಿಸುವಂತಿಲ್ಲ, ಒಂದೇ ಪ್ರಶ್ನೆಗೆ ಎರಡು ವೃತ್ತ ತುಂಬಿದರೆ ತಪ್ಪು ಉತ್ತರವೆಂದೇ ಲೆಕ್ಕ. ಅಂದಿನಿಂದ ಎರಡು ನಿಯಮ ಮಾಡಿಕೊಂಡೆವು. ಪತ್ರಿಕೆಯ ಒಂದು ಪುಟ ಮುಗಿದೊಡನೆ ಆ ಪುಟದ ಉತ್ತರಗಳನ್ನು ತುಂಬುವುದು, ತುಂಬುವಾಗ ಸಂಖ್ಯೆಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದು, "ನೂರಾ ಹದಿಮೂರು, ಮೂರು." ಬಿಟ್ಟ ಪ್ರಶ್ನೆಗೂ ಹೇಳಿಕೊಳ್ಳಬೇಕು, "ನೂರಾ ಹನ್ನೆರಡು, ಖಾಲಿ."

ಅವಳ ಸಮಯದ ಹಂಚಿಕೆ ಸರಳವಾಗಿತ್ತು. ಮೊದಲು ಜೀವಶಾಸ್ತ್ರದ 90ಕ್ಕೆ ಐವತ್ತು ನಿಮಿಷ, ರಸಾಯನಶಾಸ್ತ್ರದ 45ಕ್ಕೆ ಐವತ್ತು, ಭೌತಶಾಸ್ತ್ರದ 45ಕ್ಕೆ ಅರವತ್ತೈದು, ಉಳಿದ ಹದಿನೈದು ಕೈಯಲ್ಲಿ. ಜೀವಶಾಸ್ತ್ರ ಮೊದಲು ಏಕೆಂದರೆ ನೆನಪಿನಿಂದ ಹೇಳುವ ಉತ್ತರಗಳು ನಡುಗುವ ಕೈಯನ್ನು ಸ್ಥಿರಗೊಳಿಸುತ್ತವೆ. ಅವಳು ಜೀವಶಾಸ್ತ್ರ ಮುಗಿಸಿದಾಗ ಗೋಡೆಯ ಗಡಿಯಾರದಲ್ಲಿ 2.55, ರಸಾಯನಶಾಸ್ತ್ರ ಮುಗಿದಾಗ 3.50. ಕೈಯಲ್ಲಿದ್ದ ಹದಿನೈದರಲ್ಲಿ ಹತ್ತು ಕರಗಿದ್ದವು. ಇದು ಗಾಬರಿಪಡುವಂಥದ್ದಲ್ಲ.

ಗಾಬರಿ ಕಾದಿದ್ದು ಭೌತಶಾಸ್ತ್ರದಲ್ಲಿ. 2025ರ ಭೌತಶಾಸ್ತ್ರ ಎಷ್ಟು ಉದ್ದ, ಎಷ್ಟು ಕಠಿಣ ಎಂಬುದು ಆ ವರ್ಷ ಬರೆದವರಿಗೆಲ್ಲ ಗೊತ್ತು. ಹಿಂದಿನ ವರ್ಷ 720ಕ್ಕೆ 720 ಪಡೆದವರಿದ್ದರು, 2025ರಲ್ಲಿ ದೇಶದಲ್ಲೇ ಮೊದಲು ಬಂದವನ ಅಂಕ 686. ಪರೀಕ್ಷಾ ಕೊಠಡಿಯೊಳಗೆ ಇದು ಯಾರಿಗೂ ಗೊತ್ತಿರಲಿಲ್ಲ. ಒಬ್ಬೊಬ್ಬರೂ ತಾವೊಬ್ಬರೇ ಮುಳುಗುತ್ತಿದ್ದೇವೆ ಎಂದುಕೊಂಡಿದ್ದರು. ಇವಳು 4.10ಕ್ಕೆ ತಲೆ ಎತ್ತಿ ನೋಡಿದಾಗ ಇಪ್ಪತ್ತು ನಿಮಿಷ ಹೋಗಿತ್ತು, ಆಗಿದ್ದು ಐದು ಪ್ರಶ್ನೆ. ಅದೇ ವೇಗದಲ್ಲಿ ಹೋದರೆ ಐದರ ಹೊತ್ತಿಗೆ ಹದಿನೇಳೋ ಹದಿನೆಂಟೋ ಅಷ್ಟೇ.

"ಏನು ಮಾಡಿದೆ?" ಎಂದು ಕೇಳಿದೆ.

"ಪೆನ್ನು ಕೆಳಗಿಟ್ಟೆ ಮಾಮ. ಅಂಗೈ ಮೇಜಿನ ಮೇಲಿಟ್ಟೆ. ಹತ್ತು ಉಸಿರು."

ಆ ಹತ್ತು ಉಸಿರಿಗೆ ಹೋಗಿದ್ದು ಸುಮಾರು ನೂರು ಸೆಕೆಂಡ್. ಬಳಿಕ ಸಾಲಾಗಿ ಬಿಡಿಸುವುದನ್ನು ನಿಲ್ಲಿಸಿ, ಉಳಿದ ನಲವತ್ತನ್ನೂ ಓದುತ್ತಾ ಹೋಗಿ, ಒಂದೇ ಓದಿಗೆ ಸೂತ್ರ ಹೊಳೆದದ್ದನ್ನು ಮಾತ್ರ ಬಿಡಿಸಿದಳು. 4.35ರ ಹೊತ್ತಿಗೆ ಹದಿನಾಲ್ಕು ಸಿಕ್ಕವು. ಎರಡನೇ ಸುತ್ತಿನಲ್ಲಿ, ಏಕಮಾನಗಳನ್ನು ನೋಡಿಯೋ ಉತ್ತರದ ಗಾತ್ರ ಅಂದಾಜಿಸಿಯೋ ಎರಡು ಆಯ್ಕೆಗಳನ್ನು ಹೊಡೆದುಹಾಕಬಹುದಾದವು ಹನ್ನೆರಡು. ಹದಿನಾಲ್ಕನ್ನು ಖಾಲಿ ಬಿಟ್ಟಳು.

ಆ ಹದಿನಾಲ್ಕರ ಬಗ್ಗೆ ಭಾವನಿಗೆ ಇಂದಿಗೂ ಅಸಮಾಧಾನವಿದೆ. ಎರಡು ವಾರ ಹಿಂದಷ್ಟೇ ಬರೆದ ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಅಲ್ಲಿ ಖಾಲಿ ಬಿಡುವುದು ದಡ್ಡತನ. ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ ಒಂದು ಕಳೆ. ಎರಡು ಆಯ್ಕೆ ಉಳಿದಾಗ ಒಂದನ್ನು ತುಂಬಿದರೆ ಸರಾಸರಿ ಒಂದೂವರೆ ಅಂಕ ಬರುತ್ತದೆ, ಬಿಡಬಾರದು. ನಾಲ್ಕೂ ಒಂದೇ ತರಹ ಕಂಡಾಗ ಕಣ್ಣುಮುಚ್ಚಿ ತುಂಬಿದರೆ ಸರಾಸರಿ ಕಾಲು ಅಂಕ. ಲೆಕ್ಕಕ್ಕೆ ಅದೂ ಲಾಭವೇ, ಭಾವ ಹಿಡಿದಿರುವುದು ಅದನ್ನೇ. ಆದರೆ ಹದಿನಾಲ್ಕಕ್ಕೆ ಸೇರಿ ಮೂರೂವರೆ ಅಂಕದ ಆಸೆ ಅದು, ಅದೃಷ್ಟ ಕೈಕೊಟ್ಟರೆ ಹದಿನಾಲ್ಕು ಅಂಕ ಹೋಗುತ್ತದೆ. ಕೊನೆಯ ಐದು ನಿಮಿಷವನ್ನು ಅವಳು ಒಎಂಆರ್ ಹಾಳೆಯ ಸಂಖ್ಯೆಗಳನ್ನು ಪತ್ರಿಕೆಯೊಂದಿಗೆ ತಾಳೆ ನೋಡಲು ಇಟ್ಟುಕೊಂಡಳು. ಜೀವಶಾಸ್ತ್ರದಲ್ಲಿ ಗುರುತು ಹಾಕಿಯೂ ತುಂಬದೆ ಬಿಟ್ಟಿದ್ದ ಒಂದು ಸಾಲು ಅಲ್ಲಿ ಸಿಕ್ಕಿತು. ನನ್ನ ಮತ ಅವಳ ಕಡೆಗೇ.

ಐದೂ ಇಪ್ಪತ್ತಕ್ಕೆ ಗೇಟಿನಿಂದ ಮಕ್ಕಳು ಹೊರಬರತೊಡಗಿದರು. ಅರ್ಧದಷ್ಟು ಜನ ಅಳುತ್ತಿದ್ದರು. ಇವಳು ಪತ್ರಿಕೆಯನ್ನು ಸುರುಳಿ ಸುತ್ತಿ ಹಿಡಿದು ಬಂದಳು. ಒಎಂಆರ್ ಅವರಿಗೆ, ಪತ್ರಿಕೆ ನಮಗೆ. ಹೊಂಗೆ ಮರದ ಕೆಳಗೆ ಆಗಲೇ ಯಾರೋ ಕೀ ಉತ್ತರಗಳನ್ನು ಮೊಬೈಲಿನಲ್ಲಿ ಹುಡುಕುತ್ತಿದ್ದರು. "ಹೇಗಾಯಿತು?" ಎಂದು ಕೇಳಬಾರದೆಂದು ಅಕ್ಕನಿಗೆ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ಅವಳು ಕೇಳಲಿಲ್ಲ. "ಹಸಿವಾಗಿದೆಯಾ?" ಎಂದಳು. ಭಾವನಿಗೆ ಕೊನೆಗೂ ಕ್ಯಾತಸಂದ್ರಕ್ಕೆ ಕಾರು ತಿರುಗಿಸುವ ಅವಕಾಶ ಸಿಕ್ಕಿತು. ಹುಡುಗಿ ಎರಡು ತಟ್ಟೆ ಇಡ್ಲಿ ತಿಂದಳು, ಮೂರನೆಯದಕ್ಕೆ ಹೇಳಿ ಅರ್ಧ ಬಿಟ್ಟಳು.

ಮೂಗುಬೊಟ್ಟನ್ನು ಮತ್ತೆ ಹಾಕಿಕೊಳ್ಳಬೇಕೆಂದು ಅಕ್ಕ ಪರ್ಸಿನಲ್ಲೇ ತಂದಿದ್ದಳು. ಕೊರಟಗೆರೆ ದಾಟುವಾಗ ಹಿಂದಿನ ಸೀಟಿಗೆ ತಿರುಗಿ ಅದನ್ನು ಕೊಡಲು ಹೋದರೆ, ಮಗಳು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು.